ಹಸಿರು ಚೀಟಿಗಳು

ನಮ್ಮ ವಿಭಾಗದ ಸಂಶೋಧನಾ ಕೊಠಡಿಯಲ್ಲಿ ಎರಡೇ ಜಾತಿ. ಪಿಎಚ್.ಡಿ. ಮುಗಿಸಲಾಗದೆ ಕೂತವರು, ಮುಗಿಸಿಯೂ ಎಲ್ಲಿಗೂ ಹೋಗಲಾಗದೆ ಕೂತವರು. ನಾನು ಎರಡನೆಯ ಜಾತಿಗೆ ಸೇರಿದವಳು. ಯಾವ ಕಾಲೇಜಿನಲ್ಲೂ ಕಾಯಂ ಕೆಲಸ ಸಿಗದೆ, ಒಬ್ಬರ ಯೋಜನೆ ಮುಗಿದರೆ ಇನ್ನೊಬ್ಬರ ಯೋಜನೆಗೆ ಸಹಾಯಕಿಯಾಗಿ, ಕಿಟಕಿ ಪಕ್ಕದ ಮೇಜಿಗೆ ಅಂಟಿಕೊಂಡಿದ್ದೇನೆ. ಹೊಸಬರು ನನ್ನನ್ನು ಅಕ್ಕ ಅನ್ನುತ್ತಾರೆ. ಬೆನ್ನ ಹಿಂದೆ ಏನನ್ನುತ್ತಾರೋ ಕೇಳಿಸಿಕೊಳ್ಳಲು ಹೋಗಿಲ್ಲ.

ಚೀಟಿ ಮೊದಲನೆಯ ಜಾತಿ. ಅವಳಿಗೆ ಆ ಹೆಸರು ಇಟ್ಟವಳು ನಾನೇ. ಎಲ್ಲರೂ ಕಂಪ್ಯೂಟರಿನಲ್ಲಿ ಮಾಡುವ ಕೆಲಸವನ್ನು ಅವಳು ಕಂಪ್ಯೂಟರಿನಲ್ಲೂ ಮಾಡಿ, ಸಾಲದು ಎಂಬಂತೆ ಕಾಗದದ ಮೇಲೂ ಮಾಡುತ್ತಿದ್ದಳು. ಸಂದರ್ಶನಗಳ ಬರಹವನ್ನು ಮುದ್ರಿಸಿ, ಮಾತು ಮಾತಾಗಿ ಕತ್ತರಿಸಿ, ಬಣ್ಣದ ಚೀಟಿಗೆ ಅಂಟಿಸಿ, ಗೋಡೆಗೆ ಹಚ್ಚುವುದು. ಫ್ಯಾನ್ ಹಾಕಿದರೆ ಗೋಡೆಯೆಲ್ಲ ಪಟಪಟ ಅನ್ನುತ್ತಿತ್ತು. ಬೇಸಿಗೆಯಲ್ಲಿ ಫ್ಯಾನ್ ಬೇಕೋ ಚೀಟಿಯ ಪ್ರಬಂಧ ಬೇಕೋ ಎಂದು ಕೊಠಡಿಯಲ್ಲಿ ಮತಕ್ಕೆ ಹಾಕುವಷ್ಟು ಜಗಳವಾಗಿ, ಕೊನೆಗೆ ನಾವೆಲ್ಲ ಬೆವರು ಒರೆಸಿಕೊಂಡು ಕೂತೆವು.

ಬೆವರಿದ್ದಕ್ಕೆ ಕಾರಣವಿತ್ತು. ಅವಳ ನೋಂದಣಿಯ ಅವಧಿ ಎರಡು ಸಲ ವಿಸ್ತರಣೆಯಾಗಿತ್ತು, ಮೂರನೆಯ ಸಲ ಇಲ್ಲ ಎಂದು ಕಚೇರಿಯವರು ಬಾಯಿಬಿಟ್ಟೇ ಹೇಳಿದ್ದರು. ಉಳಿದ ಅಧ್ಯಾಯಗಳೆಲ್ಲ ಬರೆದಾಗಿತ್ತು. ಬಾಕಿಯಿದ್ದುದು ಒಂದೇ, ಕಂಡುಬಂದ ಅಂಶಗಳ ಅಧ್ಯಾಯ. ಅದು ಈ ತಿಂಗಳೊಳಗೆ ಅವಳ ಮಾರ್ಗದರ್ಶಕಿ ಮೇಡಂ ಕೈ ಸೇರಿದರೆ ಪದವಿ, ಪದವಿ ಬಂದರೆ ಮಹಿಳಾ ಕಾಲೇಜಿನಲ್ಲಿ ಒಂದು ಹುದ್ದೆ. ಇಲ್ಲದಿದ್ದರೆ ಆರು ವರ್ಷ ನೀರಲ್ಲಿ ಹೋಮ. ಮನೆಯಲ್ಲಿ ದುಡಿಯುವ ಕೈ ಅವಳದೊಂದೇ ಇತ್ತು.

ಗಂಡ ಎಲೆಕ್ಟ್ರಿಶಿಯನ್. ನಾವು ಅವನನ್ನು ವೈರ್‌ಮನ್ ಎಂದೇ ಕರೆಯುತ್ತಿದ್ದೆವು. ಮೂರು ವರ್ಷದ ಹಿಂದೆ ಹೊಸ ಕಟ್ಟಡವೊಂದರಲ್ಲಿ ಕೆಲಸ ಮಾಡುವಾಗ ಏಣಿ ಜಾರಿತು. ಕರೆಂಟಿನ ಜೊತೆ ಜೀವನವಿಡೀ ಆಟವಾಡಿದವನಿಗೆ ಕರೆಂಟು ಏನೂ ಮಾಡಲಿಲ್ಲ, ಏಣಿ ಮಾಡಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಏನೂ ಇಲ್ಲ. ಕೈ ಚೆನ್ನಾಗಿದೆ, ನಾಲಿಗೆ ಅದಕ್ಕಿಂತ ಚೆನ್ನಾಗಿದೆ.

ಚೀಟಿ ಅವನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತಿದ್ದ ದಿನಗಳಲ್ಲಿ, ಆ ವಿಭಾಗದ ಹೊರಗಿನ ಬೆಂಚಿನ ಮೇಲೆ ಅವಳ ಪ್ರಬಂಧದ ವಿಷಯ ಬದಲಾಯಿತು. ಅಲ್ಲಿ ಕಾದು ಕೂರುವವರೆಲ್ಲ ಅವಳಂಥವರೇ, ಹಾಸಿಗೆ ಹಿಡಿದ ಗಂಡಂದಿರ ಹೆಂಡತಿಯರು. ಅವರಲ್ಲಿ ಹದಿನೆಂಟು ಮಂದಿಯನ್ನು ಒಪ್ಪಿಸಿ, ಮನೆಮನೆಗೆ ಹೋಗಿ ಸಂದರ್ಶನ ಧ್ವನಿಮುದ್ರಿಸಿಕೊಂಡಳು. ಹೆಸರುಗಳನ್ನು ತೆಗೆದು ಸಂಖ್ಯೆ ಕೊಟ್ಟಳು. ಹಾಗಾಗಿ ನಮ್ಮ ಕೊಠಡಿಯಲ್ಲಿ ಏಳನೆಯವರು, ಹನ್ನೊಂದನೆಯವರು ಎಂಬ ಹೆಂಗಸರು ನಮ್ಮ ಚಿಕ್ಕಮ್ಮ ದೊಡ್ಡಮ್ಮಂದಿರಷ್ಟು ಪರಿಚಿತರಾಗಿದ್ದರು.

ಧ್ವನಿಯನ್ನು ಕೇಳಿ ಅಕ್ಷರಕ್ಕಿಳಿಸಿದವನು ವೈರ್‌ಮನ್. ಅದು ಅವನೇ ಕೇಳಿ ಪಡೆದ ಕೆಲಸ. ಸುಮ್ಮನೆ ಮಲಗಿ ಜಂತೆ ಎಣಿಸುವ ಬದಲು ನಿನ್ನ ಚಾಕರಿ ಮಾಡ್ತೀನಿ ಎಂದನಂತೆ. ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಎಂದು ಮೇಡಂ ಅವನಿಂದ ಸಹಿ ಹಾಕಿಸಿಕೊಂಡರು, ಬರಹ ಮಾಡುವವರೊಬ್ಬರು ಕೇಳುತ್ತಾರೆ ಎಂದು ಆ ಹೆಂಗಸರಿಗೂ ತಿಳಿಸಲಾಯಿತು. ಅದು ಚೀಟಿಯ ಗಂಡನೇ ಎಂದು ಯಾರಿಗೂ ಹೇಳಲಿಲ್ಲ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಸಂದರ್ಶನದ ಬರಹವನ್ನು ಸಾಲು ಸಾಲಾಗಿ ಓದುತ್ತಾ, ಪ್ರತಿ ತುಣುಕಿಗೂ ಅದು ಏನು ಹೇಳುತ್ತಿದೆ ಎಂಬ ಪುಟ್ಟ ಹೆಸರು ಕೊಡಬೇಕು. ಅದು ಕೋಡ್. 'ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತೋ' ಎಂದರೆ 'ನಿದ್ದೆಯಿಲ್ಲ'. ಒಂದೇ ಬಗೆಯ ಕೋಡುಗಳನ್ನು ಒಟ್ಟು ಮಾಡಿದರೆ ಗುಂಪು, ಗುಂಪುಗಳು ಸೇರಿ ಏನು ಹೇಳುತ್ತಿವೆ ಎಂದು ಕಂಡರೆ ಅದು ಥೀಮ್. ಅಧ್ಯಾಯದಲ್ಲಿ ಒಂದೊಂದು ಥೀಮಿಗೆ ಒಂದೊಂದು ಭಾಗ, ಅದರ ಕೆಳಗೆ ಆಧಾರವಾಗಿ ಆ ಜನರದೇ ಮಾತು. ಯಾವುದಕ್ಕೂ ಸೇರದ ತುಣುಕುಗಳು 'ಇತರೆ' ಎಂಬ ಕೋಡಿಗೆ ಹೋಗುತ್ತವೆ. ನಮ್ಮ ಮನೆಗಳಲ್ಲಿ ಅಟ್ಟ ಇರುತ್ತದಲ್ಲ, ಹಾಗೆ.

ಚೀಟಿಗೆ ಐದು ಥೀಮ್ ಸಿಕ್ಕಿದ್ದವು. ಹಳದಿ ಚೀಟಿ ಮೈಯ ದಣಿವು. ನೀಲಿ, ಆಸ್ಪತ್ರೆ ಮತ್ತು ಕಚೇರಿಗಳ ಅಲೆದಾಟ. ಬಿಳಿ, ದೂರವಾದ ನೆಂಟರು. ಗುಲಾಬಿ, ಗಂಡ ಮಗುವಾದದ್ದು. ಹಸಿರು ಭರವಸೆ. ಹಸಿರು ಕಿಟಕಿಯ ಪಕ್ಕಕ್ಕಿತ್ತು, ದಟ್ಟವಾಗಿತ್ತು. 'ಸರಿಹೋಗುತ್ತೆ', 'ದೇವರು ಕಣ್ಣು ಬಿಟ್ಟೇ ಬಿಡ್ತಾನೆ', 'ಒಂದಿನ ಎದ್ದು ಕೂರ್ತಾರೆ ನೋಡು'. ಮೇಡಂಗೆ ಇದರ ಮೇಲೆ ಪ್ರಾಣ. ಇಷ್ಟು ಕಷ್ಟದ ನಡುವೆಯೂ ಇಷ್ಟು ಹಸಿರು ಎಂದು ಎರಡು ಸೆಮಿನಾರಿನಲ್ಲಿ ಹೇಳಿಬಂದಿದ್ದರು. ಅಧ್ಯಾಯ ಅದರಿಂದಲೇ ಮುಗಿಯಬೇಕು ಎಂದೂ ತೀರ್ಮಾನವಾಗಿತ್ತು. ಚೀಟಿ ಊಟದ ಡಬ್ಬಿ ತೆರೆಯುತ್ತಿದ್ದುದು ಆ ಹಸಿರು ಗೋಡೆಯ ಎದುರಿಗೇ. ಬೇರೆ ಕಡೆ ಕೂರಲು ಜಾಗವಿದ್ದರೂ ಅಲ್ಲೇ.

ಒಬ್ಬಳೇ ಕೋಡ್ ಮಾಡಿದರೆ ಅವಳ ಕಣ್ಣಿಗೆ ಕಂಡದ್ದೇ ಸತ್ಯವಾಗಿಬಿಡುತ್ತದೆ ಎಂದು, ಇನ್ನೊಬ್ಬರ ಕೈಲಿ ಕೆಲವು ಸಂದರ್ಶನಗಳನ್ನು ಸ್ವತಂತ್ರವಾಗಿ ಕೋಡ್ ಮಾಡಿಸಿ ಹೋಲಿಸಬೇಕು. ಆ ಇನ್ನೊಬ್ಬಳು ನಾನು. ಕೆಲಸವಿಲ್ಲದ ಬಡಗಿ ಏನೋ ಕೆತ್ತಿದನಂತೆ. ನಾಲ್ಕು ಸಂದರ್ಶನಗಳ ಬರಹ, ಜೊತೆಗೆ ಯಾವ ಕೋಡಿಗೆ ಏನರ್ಥ ಎಂಬ ವಿವರಣೆ ಕೊಟ್ಟಳು. ತನ್ನ ಗುರುತುಗಳನ್ನು ತೋರಿಸಲಿಲ್ಲ, ಅದೇ ನಿಯಮ.

ದಣಿವು, ಅಲೆದಾಟ, ನೆಂಟರು, ಇವುಗಳಲ್ಲಿ ನನಗೂ ಅವಳಿಗೂ ಹೆಚ್ಚು ಭೇದ ಬರಲಿಲ್ಲ. ಭರವಸೆಯ ಹತ್ತಿರ ನನ್ನ ಪೆನ್ನು ನಿಂತಿತು. ಏಳನೆಯವರು ಮಲಮೂತ್ರದ ಚೀಲ ಬದಲಾಯಿಸುವ ವಿಷಯ ಹೇಳುತ್ತಿದ್ದಾರೆ. ಕೈ ಎಷ್ಟು ತೊಳೆದರೂ ವಾಸನೆ ಹೋಗದ್ದನ್ನು ಹೇಳುತ್ತಿದ್ದಾರೆ. ಮುಂದಿನ ಸಾಲು, 'ಹೂಂ ಕಣಮ್ಮ, ಸರಿಹೋಗುತ್ತೆ.' ಚೀಲಕ್ಕೂ ಅದಕ್ಕೂ ಏನು ಸಂಬಂಧ? ಬೇರೆಲ್ಲ ಕಡೆ ಪ್ರಶ್ನೆಗೊಂದು ಸಾಲು, ಉತ್ತರಕ್ಕೊಂದು ಸಾಲು ಇತ್ತು. ಇಲ್ಲಿ ಪ್ರಶ್ನೆ ಇರಲಿಲ್ಲ. ಹನ್ನೊಂದನೆಯವರಲ್ಲೂ ಹಾಗೇ, ಹದಿನಾಲ್ಕನೆಯವರಲ್ಲೂ ಹಾಗೇ. ಹೂಂ ಎನ್ನಬೇಕಾದರೆ ಎದುರಿಗೆ ಯಾರಾದರೂ ಏನಾದರೂ ಕೇಳಿರಬೇಕು.

ಧ್ವನಿ ಕೊಡು, ಒಂದು ಕಡೆ ತಾಳೆ ನೋಡಬೇಕು ಎಂದೆ. ಅವಳು ಏನೂ ಕೇಳದೆ ಪೆನ್‌ಡ್ರೈವ್ ಕೊಟ್ಟು, ಗಂಡನಿಗೆ ಮಗ್ಗುಲು ಬದಲಾಯಿಸುವ ಹೊತ್ತಾಯಿತೆಂದು ಮನೆಗೆ ಓಡಿದಳು. ಮಧ್ಯಾಹ್ನದ ಹೊತ್ತು ಮನೆಯಲ್ಲಿರುತ್ತಿದ್ದ ಅವಳ ಅತ್ತೆ ಒಬ್ಬರಿಂದಲೇ ಅದು ಆಗುತ್ತಿರಲಿಲ್ಲ. ನಾನು ಕಿವಿಗೆ ಸಿಕ್ಕಿಸಿಕೊಂಡು ಏಳನೆಯವರನ್ನು ಹಾಕಿದೆ. ಚೀಲದ ವಿಷಯ ಬಂತು, ವಾಸನೆಯ ವಿಷಯ ಬಂತು. ಆಮೇಲೆ ಚೀಟಿಯ ಧ್ವನಿ. ಸಂದರ್ಶಕಿಯ ಧ್ವನಿಯಲ್ಲ, ಜ್ವರ ಬಂದ ಹುಡುಗಿಯ ಧ್ವನಿ.

"ಅಕ್ಕಾ, ಸರಿಹೋಗುತ್ತೆ ಅಲ್ವಾ?"

"ಹೂಂ ಕಣಮ್ಮ, ಸರಿಹೋಗುತ್ತೆ," ಅಂದರು ಏಳನೆಯವರು. "ನಿಂದಿನ್ನೂ ಚಿಕ್ಕ ವಯಸ್ಸು. ನಿನ್ ಗಂಡಂಗೆ ಸರಿಹೋಗುತ್ತೆ ಬಿಡು, ಅಳಬೇಡ."

ಬರಹದಲ್ಲಿ ಈ ಪ್ರಶ್ನೆಯೂ ಇರಲಿಲ್ಲ, 'ನಿನ್ ಗಂಡಂಗೆ' ಎಂಬ ಮಾತೂ ಇರಲಿಲ್ಲ. ಹನ್ನೊಂದನೆಯವರನ್ನು ಹಾಕಿದೆ, ಹದಿನಾಲ್ಕನೆಯವರನ್ನು ಹಾಕಿದೆ. ಎಲ್ಲ ಕಡೆ ಅದೇ ಪ್ರಶ್ನೆ, ಸುಮಾರಾಗಿ ಅದೇ ಉತ್ತರ. ಗೋಡೆಯ ಮೇಲಿನ ಭರವಸೆ ಆ ಹೆಂಗಸರದಾಗಿರಲಿಲ್ಲ. ಎದುರಿಗೆ ಕೂತು ಕಣ್ಣು ತುಂಬಿಕೊಂಡ ಹುಡುಗಿಗೆ ಅವರು ಹೇಳಿದ ಸಮಾಧಾನ ಅದು. ತಮ್ಮ ಮನೆಯ ಮಾತನ್ನು ಅವರು ಹೇಳಿಯೇ ಇರಲಿಲ್ಲ.

ಹೇಳದೆ ಸುಮ್ಮನಿರಬಹುದಿತ್ತು. ಯಾವ ಪರೀಕ್ಷಕನೂ ಧ್ವನಿ ಕೇಳುವುದಿಲ್ಲ. ಒಂದು ಸಂಜೆ ಪೂರ್ತಿ ನನ್ನ ಮೇಲೇ ನನಗೆ ಸಿಟ್ಟು, ಯಾಕಾದರೂ ಕೇಳಿದೆನೋ ಎಂದು. ಆದರೆ ಎರಡನೆಯ ಕೋಡರ್ ಎಂದು ಪ್ರಬಂಧದಲ್ಲಿ ನನ್ನ ಹೆಸರೂ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಅವಳು ದಿನಾ ಆ ಹಸಿರನ್ನು ನೋಡುತ್ತಾ ಉಣ್ಣುವುದನ್ನು ನೋಡಿಕೊಂಡು ನಾನು ಉಣ್ಣುವುದು ಇನ್ನಾಗುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೇಳಿದೆ. ಅವಳು ವಾದಿಸಲಿಲ್ಲ. ಕೇಳಿದ್ದು ನಿಜ, ನೆನಪಿದೆ ಅಂದಳು. ಮೂರನೆಯ ಸಂದರ್ಶನ ಆದ ವಾರ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ಇನ್ನು ಫಿಸಿಯೋಥೆರಪಿಗೆ ಕರೆತರಬೇಡಿ, ಬರಬೇಕಾದ ಶಕ್ತಿಯೆಲ್ಲ ಬಂದಾಯಿತು ಎಂದಿದ್ದರು. ನಾಲ್ಕನೆಯವರ ಮನೆಯಿಂದ ಬಾಯಿ ತಪ್ಪಿ ಆ ಪ್ರಶ್ನೆ ಬರತೊಡಗಿತು. ಮೊದಲು ತಯಾರಿಸಿದ ಪ್ರಶ್ನೆಗಳಲ್ಲಿ ಅದು ಇರಲಿಲ್ಲ. ಬರಹವನ್ನು ಧ್ವನಿಯ ಜೊತೆ ತಾಳೆ ನೋಡಬೇಕೆಂಬ ನಿಯಮವನ್ನು ಅವಳು ಮೊದಲ ಮೂರಕ್ಕಷ್ಟೇ ಪಾಲಿಸಿದ್ದಳು. ಆಮೇಲೆ ತನ್ನ ಧ್ವನಿಯನ್ನು ತಾನು ಕೇಳುವ ಧೈರ್ಯ ಬರಲಿಲ್ಲವಂತೆ. ಬರಹದಲ್ಲಿ ಪ್ರಶ್ನೆ ಕಾಣದಿದ್ದಾಗ, ತಾನು ಅದನ್ನು ಜೋರಾಗಿ ಕೇಳಿಯೇ ಇಲ್ಲವೇನೋ, ಅವರಾಗಿಯೇ ಹೇಳಿದರೇನೋ ಎಂದು ನಂಬಿಕೊಂಡಳು. ಬೇಕಾದ್ದನ್ನು ನಂಬುವುದಕ್ಕೆ ಮನುಷ್ಯರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಬ್ಬರೂ ಕೂತು ಹದಿನೆಂಟನ್ನೂ ಮತ್ತೆ ಕೇಳಿದೆವು. ಪ್ರಶ್ನೆ ಇದ್ದ ಕಡೆಯೆಲ್ಲ ಪ್ರಶ್ನೆಯನ್ನೂ ಅದರ ಜೊತೆ ಬಿಟ್ಟುಹೋದ ಮಾತನ್ನೂ ಸೇರಿಸಿದೆವು. ಕೇಳದೆ ಬಂದ ಮಾತು ಯಾವುದು, ಕೇಳಿದ್ದಕ್ಕೆ ಬಂದ ಮಾತು ಯಾವುದು ಎಂದು ಬೇರೆ ಮಾಡಿದೆವು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಹಸಿರು ಚೀಟಿಗಳು ಒಂದೊಂದಾಗಿ ಇಳಿದವು. ಅವಳೇ ಕಿತ್ತಳು, ನನ್ನ ಕೈಗೆ ಕೊಡಲಿಲ್ಲ. ಕೊನೆಗೆ ಗೋಡೆಯ ಆ ಭಾಗದಲ್ಲಿ ಅಂಟಿನ ಕಲೆ ಮಾತ್ರ ಉಳಿಯಿತು.

ಥೀಮೊಂದು ಖಾಲಿಯಾದರೆ ಬಿಟ್ಟದ್ದನ್ನೆಲ್ಲ ಮತ್ತೆ ನೋಡಬೇಕು. ಹಾಗಾಗಿ 'ಇತರೆ'ಯನ್ನು ಕೆಳಗಿಳಿಸಿದೆವು. ಅದರಲ್ಲಿ ಸಾಮಾನ್ಯವಾಗಿ ಮಳೆ, ಬೆಲೆ, ಪಕ್ಕದ ಮನೆ ನಾಯಿ ಇರುತ್ತವೆ. ಇದರಲ್ಲೂ ಇದ್ದವು. ಅವುಗಳ ನಡುವೆ ಬೇರೆಯದೂ ಇತ್ತು. ನಾನು ಓದುತ್ತಾ ಹೋದೆ, ಅವಳು ಕಿಟಕಿ ನೋಡುತ್ತಾ ಕೂತಳು. ಎರಡನೆಯವರು: 'ನನಗಿಂತ ಮುಂಚೆ ಅವರು ಹೋದ್ರೆ ಸಾಕು.' ಏಳನೆಯವರು: 'ರಾತ್ರಿ ಉಸಿರು ಕೇಳಿಸ್ದಿದ್ರೆ ಹೆದರ್ಕೊಂಡು ಏಳ್ತೀನಿ. ಕೇಳಿಸಿದ್ರೆ ಅಯ್ಯೋ ಇನ್ನೂ ಇದೆಯಲ್ಲಾ ಅನ್ಸುತ್ತೆ.' ಹನ್ನೆರಡನೆಯವರು ಪಾಪ ಎಂಬ ಮಾತಿನಿಂದ ಶುರುಮಾಡಿ ಅದನ್ನೇ ಹೇಳಿದ್ದರು. ಯಾರೂ ಕೇಳಿರಲಿಲ್ಲ. ಹದಿನೆಂಟರಲ್ಲಿ ಹದಿಮೂರು ಮಂದಿ ತಾವಾಗಿಯೇ, ಒಂದಲ್ಲ ಒಂದು ರೀತಿಯಲ್ಲಿ, ಅವರು ಮೊದಲು ಹೋಗಲಿ ಎಂದಿದ್ದರು. ಹದಿಮೂರನ್ನೂ ಚೀಟಿ 'ಇತರೆ'ಗೆ ತಳ್ಳಿದ್ದಳು. ಇಷ್ಟೊಂದು ಜನ ಒಂದೇ ಮಾತು ಆಡುವಾಗ ಅದು ಇತರೆ ಹೇಗಾಗುತ್ತೆ ಎಂದು ನಾನು ಕೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ.

ಮೇಡಂ ಹತ್ತಿರ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿ, ತಾವು ಸೆಮಿನಾರಿನಲ್ಲಿ ಆಡಿದ ಮಾತನ್ನು ತಾವೇ ಹಿಂತೆಗೆದುಕೊಳ್ಳುವುದಾಗಿ ಹೇಳಿದರು. ಬಾಯಿಗಿಟ್ಟು ಹೇಳಿಸಿದ ಉತ್ತರ ಥೀಮ್ ಆಗುವುದಿಲ್ಲ, ನಡೆದದ್ದನ್ನು ವಿಧಾನದ ಅಧ್ಯಾಯದಲ್ಲಿ ಮುಚ್ಚುಮರೆಯಿಲ್ಲದೆ ಬರೆ ಎಂದರು. ಹೊಸ ಥೀಮಿನ ಹಾಳೆಗಳನ್ನು ಎರಡು ಸಲ ಓದಿದರು. ಇದೇ ನಿನ್ನ ಅಧ್ಯಾಯ, ಉಳಿದದ್ದೆಲ್ಲ ಇದಕ್ಕೆ ಮೆಟ್ಟಿಲು ಎಂದರು. ಆಮೇಲೆ ಇನ್ನೊಂದು ಹೇಳಿದರು. ನೀನೂ ಇವರ ಬೆಂಚಿನವಳೇ ಆದ್ದರಿಂದ, ಈ ಮಾತಿನ ಎದುರು ನೀನು ಎಲ್ಲಿ ನಿಂತಿದ್ದೀಯ ಎಂದು ಒಂದು ಪ್ಯಾರಾ ಇರಲೇಬೇಕು. ಇಲ್ಲದಿದ್ದರೆ ಈ ಮಾತನ್ನು ಇಷ್ಟು ದಿನ ಯಾಕೆ ನೋಡಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನಗೆ ಅವರ ಮೇಲೆ ಬಂದ ಕೋಪ ಅದಕ್ಕೇ ಇನ್ನೂ ಇಳಿದಿಲ್ಲ.

ಒಂದು ವಿಷಯ ಮಾತ್ರ ಹಾಗೇ ಉಳಿದಿತ್ತು. ಆ ಪ್ರಶ್ನೆಗಳನ್ನು ಬಿಟ್ಟವನು ವೈರ್‌ಮನ್. ಯಾಕೆ ಬಿಟ್ಟ ಎಂದು ವಿಧಾನದ ಅಧ್ಯಾಯದಲ್ಲಿ ಬರೆಯಬೇಕು, ಅವನನ್ನು ಕೇಳಬೇಕು. ಅವಳು ಕೇಳಲಾರೆ ಅಂದಳು. ಭಾನುವಾರ ನಾನೇ ಹೋದೆ.

ಎರಡು ಕೋಣೆಯ ಮನೆ. ಹಜಾರದ ತುಂಬ ಆಸ್ಪತ್ರೆಯ ಮಂಚ, ಅದರ ಪಕ್ಕದಲ್ಲಿ ಒಬ್ಬರು ಅಡ್ಡಡ್ಡವಾಗಿ ನಡೆಯುವಷ್ಟು ಜಾಗ. ಹೊಟ್ಟೆಯ ಮೇಲೆ ಬರುವಂಥ ಮೇಜು, ಅದರ ಮೇಲೆ ಲ್ಯಾಪ್‌ಟಾಪು. ಅತ್ತೆ ಒಳಗೆ ಮಲಗಿದ್ದರು. ಚೀಟಿ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಪಾತ್ರೆ ತೊಳೆಯಲು ನಿಂತಳು. ಅವನು ಎಂದಿನಂತೆ ತಮಾಷೆಗೇ ಶುರುಮಾಡಿದ. ಟೈಪು ಮಾಡುವವರಿಗೆ ಧ್ವನಿ ನಿಲ್ಲಿಸಿ ಹಿಂದಕ್ಕೆ ಓಡಿಸಲು ಕಾಲಲ್ಲಿ ಒತ್ತುವ ಪೆಡಲು ಬರುತ್ತದಂತೆ, ಕೆಲಸ ಬೇಗ ಆಗುತ್ತದಂತೆ, ಅಂಗಡಿಯವನು ಬಹಳ ಒತ್ತಾಯ ಮಾಡಿದನಂತೆ. ನಾನು ನಕ್ಕೆ. ಅವನ ಮನೆಯಲ್ಲಿ ನಗದಿದ್ದರೆ ಅವನಿಗೆ ಬೇಜಾರಾಗುತ್ತದೆ.

ಆಮೇಲೆ ಕೇಳಿದೆ. ಅವನು ಮೇಜನ್ನು ಸ್ವಲ್ಪ ಹಿಂದಕ್ಕೆ ನೂಕಿದ.

"ಅವಳ ಪ್ರಶ್ನೆ, ನನ್ನ ವಿಷಯ ಬಿಟ್ಟು ಉಳಿದದ್ದೆಲ್ಲಾ ಹಾಕಿದೀನಿ ಅಕ್ಕ. ಅವರು ಮೊದಲು ಹೋಗ್ಲಿ ಅಂತ ಅಷ್ಟೂ ಜನ ಹೇಳಿದ್ರಲ್ಲ, ಒಂದೂ ಬಿಟ್ಟಿಲ್ಲ. ಅದು ಬಿಟ್ಟಿದ್ರೆ ಅವರಿಗೆ ಮೋಸ ಆಗೋದು."

"ಮತ್ತೆ ಪ್ರಶ್ನೆ ಯಾಕೆ ಬಿಟ್ಟೆ?"

ಅಡುಗೆಮನೆಯಲ್ಲಿ ನಲ್ಲಿ ನಿಂತಿತು.

"ಊರಲ್ಲಿ ಎಲ್ಲರನ್ನೂ ಕೇಳಿದ್ಲು," ಅಂದ. "ನನ್ನೊಬ್ಬನ್ನ ಬಿಟ್ಟು. ಕೇಳಿದ್ರೆ ಇಲ್ಲ ಅಂತೀನಿ ಅಂತ ಅವಳಿಗೆ ಗೊತ್ತು. ಅದನ್ನ ನನ್ನ ಕೈಯಾರೆ ಟೈಪ್ ಮಾಡೋಕಾಗ್ಲಿಲ್ಲ, ಅಷ್ಟೇ."

ಸ್ವಲ್ಪ ಹೊತ್ತಿನ ಮೇಲೆ ಚೀಟಿ ಕೈ ಒರೆಸಿಕೊಂಡು ಬಂದಳು. ಮಗ್ಗುಲು ಬದಲಾಯಿಸುವ ಹೊತ್ತಾಗಿತ್ತು. ಅವಳು ಭುಜ ಹಿಡಿದಳು, ನಾನು ಸೊಂಟ ಹಿಡಿದೆ, ದಿಂಬು ಸರಿಮಾಡಿದೆವು. ಬೆನ್ನಿನ ಕೆಂಪು ಕಲೆಗೆ ಅವಳು ಪುಡಿ ಹಚ್ಚಿದಳು. ಗೋಡೆಯ ಕಡೆಗೆ ಮುಖ ಮಾಡಿಯೇ ಅವನು, ಅಧ್ಯಾಯ ಕೈಯಲ್ಲೇ ಬರೀತಿದ್ದೀಯಂತೆ, ಕೊಡು, ನಾನೇ ಟೈಪ್ ಮಾಡ್ತೀನಿ ಎಂದ. ಬೇಡ, ಅಂಗಡಿಯಲ್ಲಿ ಮಾಡಿಸ್ತೀನಿ ಅಂದಳು. ಇಷ್ಟು ಮಾಡಿದವನಿಗೆ ಅದೊಂದು ಭಾರವೇ ಎಂದ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.

ಅಧ್ಯಾಯ ಗಡುವಿಗೆ ಮುಂಚೆಯೇ ಬಂತು, ಟೈಪ್ ಮಾಡಿದವನು ಕೊನೆಗೂ ವೈರ್‌ಮನ್ನೇ. ಕೈಬರಹವನ್ನೂ ಟೈಪಾದದ್ದನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆ ನೋಡುವ ಕೆಲಸ ನನ್ನದಾಯಿತು. ಈ ಸಲ ಮೊದಲ ಪುಟದಿಂದ ಕೊನೆಯವರೆಗೆ ನೋಡಿದೆ. ಐದನೆಯ ಥೀಮಿನ ಹೆಸರು 'ಅವರು ಮೊದಲು ಹೋಗಲಿ'. ಹದಿಮೂರು ಮಾತುಗಳೂ ಅದರ ಕೆಳಗೆ ಸಾಲಾಗಿ ಇದ್ದವು. ಕೊನೆಯಲ್ಲಿ ಮೇಡಂ ಕೇಳಿದ ಪ್ಯಾರಾ. ಅದನ್ನು ಅವಳು ಏಳೆಂಟು ಸಲ ಹೊಡೆದು ತಿದ್ದಿದ್ದಳು, ಕಾಗದ ತೂತಾಗುವಷ್ಟು. ಉಳಿದದ್ದು ಇಷ್ಟು: 'ಸಂಶೋಧಕಿಯೂ ತನ್ನ ಮನೆಯಲ್ಲಿ ಇದೇ ಮಾತನ್ನು ಅನೇಕ ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದಾಳೆ. ಈ ತುಣುಕುಗಳನ್ನು ಆಕೆ ಬಹಳ ಕಾಲ ನೋಡದೆ ಉಳಿದದ್ದು ಆ ಕಾರಣಕ್ಕೆ.' ಟೈಪಾದ ಪುಟದಲ್ಲೂ ಅದು ಹಾಗೆಯೇ ಇತ್ತು. ಒಂದು ಪದ ಆಚೀಚೆ ಆಗಿರಲಿಲ್ಲ.

ಇದನ್ನು ಟೈಪ್ ಮಾಡಿದ ಮೇಲೆ ಮನೆಯಲ್ಲಿ ಏನಂದರು ಎಂದು ಕೇಳಿದೆ. ಕೇಳಬಾರದಿತ್ತು, ಆದರೂ ಕೇಳಿದೆ. ಅವಳು ಹಾಳೆಗಳನ್ನು ಜೋಡಿಸಿ ಮೇಜಿಗೆ ಕುಟ್ಟಿ ಅಂಚು ಸರಿಮಾಡುತ್ತಿದ್ದಳು.

"ಏನೂ ಅನ್ಲಿಲ್ಲ ಅಕ್ಕ," ಅಂದಳು. "ಪುಟದ ನಂಬರು ಮೇಲೆ ಹಾಕ್ಲಾ, ಕೆಳಗೆ ಹಾಕ್ಲಾ ಅಂತ ಕೇಳಿದ್ರು."